ಪ್ರಾರ್ಥನಾಳ ಹೆಸರು ಎಲ್ಲಿದೆ?

ಕಾರ್ಡು ಕೈಗೆ ಬಂದಾಗ ಆ ಹುಡುಗಿ ಅದನ್ನು ಎರಡು ಸಲ ತಿರುಗಿಸಿ ನೋಡಿದಳು. ಆಮೇಲೆ ಮೇಜಿನ ಮೇಲಿಟ್ಟು, "ಇದು ನನ್ನದಲ್ಲ ಸಾರ್" ಅಂದಳು. ಫೋಟೋ ಅವಳದೇ, ತರಗತಿ ಅವಳದೇ, ಸದಸ್ಯತ್ವದ ಸಂಖ್ಯೆಯೂ ಅವಳದೇ. ಹೆಸರಿನ ಜಾಗದಲ್ಲಿ ಮಾತ್ರ ಪುಟ್ಟ ಪುಟ್ಟ ಖಾಲಿ ಚೌಕಗಳಿದ್ದವು. ಎಣಿಸಿದರೆ ಒಂಬತ್ತು. ಅವಳ ಹೆಸರು ಪ್ರಾರ್ಥನಾ.

ಆ ಮಕ್ಕಳ ವಾಚನಾಲಯಕ್ಕೆ ಬಿಡುವಿನ ವೇಳೆಯಲ್ಲಿ ಒಂದು ಚಿಕ್ಕ ಆ್ಯಪ್ ಮಾಡಿಕೊಟ್ಟವನು ನಾನೇ. ಹೆಸರು ಬರೆದುಕೊಳ್ಳುವುದು, ಪುಸ್ತಕ ಕೊಟ್ಟದ್ದು ಬಂದದ್ದನ್ನು ಗುರುತಿಸುವುದು, ಸದಸ್ಯರಿಗೆ ಕಾರ್ಡು ಮುದ್ರಿಸುವುದು, ಇಷ್ಟೇ ಅದರ ಕೆಲಸ. ಹೆಸರನ್ನು ಟೈಪ್ ಮಾಡಿದಾಗ ಫೋನಿನ ಪರದೆಯಲ್ಲಿ ಚೆನ್ನಾಗಿಯೇ ಕಂಡಿತ್ತು. ಕಾರ್ಡಿಗೆ ಬಂದಾಗ ಚೌಕಗಳಾಗಿತ್ತು. "ಒಳಗೆ ಸರಿಯಾಗಿಯೇ ಇದೆಯಮ್ಮಾ, ತೋರಿಸುವುದರಲ್ಲಿ ಮಾತ್ರ ತೊಂದರೆ" ಎಂದು ಸಮಾಧಾನ ಹೇಳಿದೆ.

"ಒಳಗೆ ಅಂದ್ರೆ ಎಲ್ಲಿ?" ಎಂದು ಅವಳು ಕೇಳಿದಳು.

ಈ ಪ್ರಶ್ನೆಗೆ ಕಂಪ್ಯೂಟರಿನ ಕಡೆಯಿಂದ ಒಂದು ಉತ್ತರವಿದೆ. ಅದು ನಿಜವೂ ಹೌದು. ಆದರೆ ಅಷ್ಟರಿಂದಲೇ ನಾನು ನಿರಪರಾಧಿಯಾಗುತ್ತೇನೆಯೇ ಎಂಬುದು ಬೇರೆ ಪ್ರಶ್ನೆ. ಮುಂದಿನ ಎರಡು ಮೂರು ತಿಂಗಳು ಈ ಎರಡರ ನಡುವೆಯೇ ನಾನು ಓಡಾಡಿದೆ.

ಮೊದಲು ಕಂಪ್ಯೂಟರಿನ ಉತ್ತರ. ನಾವು ಕನ್ನಡದಲ್ಲಿ ಟೈಪ್ ಮಾಡಿದಾಗ ಅಕ್ಷರದ ಚಿತ್ರ ಉಳಿಯುವುದಿಲ್ಲ, ಸಂಖ್ಯೆಗಳ ಒಂದು ಸಾಲು ಉಳಿಯುತ್ತದೆ. ಯುನಿಕೋಡ್ ಎಂಬ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 0C80ರಿಂದ 0CFFವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಪ್ರಾರ್ಥನಾ ಎಂಬ ಹೆಸರು ಅಲ್ಲಿ ಹೀಗಿರುತ್ತದೆ:

```
ಪ  0CAA
್   0CCD
ರ  0CB0
ಾ  0CBE
ರ  0CB0
್   0CCD
ಥ  0CA5
ನ  0CA8
ಾ  0CBE
```

ಒಂಬತ್ತು ಚೌಕಗಳು ಯಾಕೆ ಬಂದವು ಎಂಬುದು ಇಲ್ಲೇ ತಿಳಿಯುತ್ತದೆ. ನಮ್ಮ ಬಾಯಿಗೆ ಆ ಹೆಸರು ಮೂರೇ ಅಕ್ಷರ: ಪ್ರಾ, ರ್ಥ, ನಾ. ಸಂಗ್ರಹದಲ್ಲಿ ಅದು ಒಂಬತ್ತು ಸಂಕೇತ. ಈ ಪಟ್ಟಿಯಲ್ಲಿ 'ರ' ಎರಡು ಸಲ ಬಂದಿದೆ, ಎರಡಕ್ಕೂ 0CB0 ಎಂಬ ಒಂದೇ ಸಂಖ್ಯೆ. ಆದರೆ ನಾವು ಬರೆಯುವಾಗ ಮೊದಲನೆಯದು 'ಪ'ದ ಕೆಳಗೆ ಒತ್ತಾಗಿ ಇಳಿಯುತ್ತದೆ. ಎರಡನೆಯದು 'ಥ'ವನ್ನು ದಾಟಿಹೋಗಿ ಅದರ ಬಲಕ್ಕೆ, ಕನ್ನಡದ ಒಂಬತ್ತರಂತೆ ಕಾಣುವ ಅರ್ಕಾವತ್ತಾಗಿ ನಿಲ್ಲುತ್ತದೆ. ಒತ್ತಿಗಾಗಲಿ ಅರ್ಕಾವತ್ತಿಗಾಗಲಿ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆ ಇಲ್ಲ. ಹಲಂತದ ಚಿಹ್ನೆ ಎಲ್ಲಿದೆ, ಅದರ ಹಿಂದೆ ಮುಂದೆ ಯಾರಿದ್ದಾರೆ ಎಂಬುದನ್ನು ನೋಡಿ, ತೋರಿಸುವ ಹೊತ್ತಿಗೆ ಆ ರೂಪವನ್ನು ಕಟ್ಟಬೇಕು. ಅಂದರೆ ಒಳಗಿರುವುದು ಉಚ್ಚಾರಣೆಯ ಕ್ರಮ. ಕಣ್ಣಿಗೆ ಕಾಣುವ ಕ್ರಮವನ್ನು ಪ್ರತಿಸಲ ಹೊಸದಾಗಿ ಕಟ್ಟಬೇಕು.

ಹೀಗೆ ಕಟ್ಟಲು ಎರಡು ಬೇಕು. ಒಂದು, ಕನ್ನಡದ ಆಕಾರಗಳಿರುವ ಫಾಂಟ್. ಇನ್ನೊಂದು, ಯಾವ ಸಂದರ್ಭದಲ್ಲಿ ಯಾವ ಆಕಾರ ತೆಗೆಯಬೇಕು, ಎಲ್ಲಿ ಕೂರಿಸಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ. ಇದನ್ನು ಶೇಪಿಂಗ್ ಎಂಜಿನ್ ಅನ್ನುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲೂ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೂ ಇರುವ ಹಾರ್ಫ್‌ಬಜ್ ಅಂಥದ್ದೊಂದು. ನಿಯಮಗಳು ಫಾಂಟಿನೊಳಗೇ ಒಂದು ಕೋಷ್ಟಕದಲ್ಲಿರುತ್ತವೆ, ಎಂಜಿನ್ ಅವನ್ನು ಓದಿ ನಡೆಸುತ್ತದೆ. ಪಾಕವಿಧಾನವೂ ಬೇಕು, ಅಡುಗೆಯವರೂ ಬೇಕು.

ನನ್ನ ಕಾರ್ಡಿನ ಮೊದಲ ತಪ್ಪು ಫಾಂಟಿನದು. ಫೋನಿನ ಪರದೆಯಲ್ಲಿ ಒಂದು ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ವ್ಯವಸ್ಥೆ ಸುಮ್ಮನಿರುವುದಿಲ್ಲ. ತನ್ನ ಬಳಿ ಇರುವ ಬೇರೆ ಫಾಂಟುಗಳನ್ನು ಸಾಲಾಗಿ ಹುಡುಕಿ, ಕನ್ನಡ ಇರುವುದನ್ನು ತಂದು ಕೊಡುತ್ತದೆ. ಇದಕ್ಕೆ ಫಾಂಟ್ ಫಾಲ್‌ಬ್ಯಾಕ್ ಎಂದು ಹೆಸರು. ಮನೆಯಲ್ಲಿ ಸಕ್ಕರೆ ಮುಗಿದಾಗ ಪಕ್ಕದ ಮನೆಯಿಂದ ಒಂದು ಲೋಟ ತಂದ ಹಾಗೆ. ಇಂಗ್ಲಿಷಿಗೆಂದು ಮಾಡಿದ ಎಷ್ಟೋ ಆ್ಯಪ್‌ಗಳಲ್ಲಿ ನಮಗೆ ಕನ್ನಡ ಕಾಣುವುದು ಈ ಉಪಕಾರದಿಂದ. ಆದರೆ ಕಾರ್ಡನ್ನು ಪಿಡಿಎಫ್ ಮಾಡಲು ನಾನು ಬಳಸಿದ ತಂತ್ರಾಂಶಕ್ಕೆ ಪಕ್ಕದ ಮನೆಯೇ ಇರಲಿಲ್ಲ. ಅದಕ್ಕೆ ನಾನು ಕೊಟ್ಟದ್ದು ಒಂದೇ ಫಾಂಟ್, ಅದರಲ್ಲಿ ಕನ್ನಡ ಇರಲಿಲ್ಲ. ಫಾಂಟಿನಲ್ಲಿ ಸೊನ್ನೆಯನೆಯ ಸ್ಥಾನದಲ್ಲಿ 'ಇದು ನನ್ನಲ್ಲಿಲ್ಲ' ಎಂದು ಸೂಚಿಸುವ ಆಕಾರವೊಂದು ಇರುತ್ತದೆ, ಸಾಮಾನ್ಯವಾಗಿ ಒಂದು ಚೌಕ. ಒಂಬತ್ತು ಸಲ ಕೇಳಿದ್ದಕ್ಕೆ ಒಂಬತ್ತು ಸಲವೂ ಅದೇ ಉತ್ತರ ಬಂತು. ಈ ಚೌಕ ಸೋಯಾ ಪನೀರಿನ ತುಂಡಿನಂತೆ ಕಾಣುವುದರಿಂದ ಅದನ್ನು ತೋಫು ಎಂದು ಕರೆಯುತ್ತಾರೆ. ಗೂಗಲ್‌ನ ನೋಟೋ ಫಾಂಟುಗಳ ಹೆಸರು 'ಇನ್ನು ತೋಫು ಬೇಡ' ಎಂಬ ಅರ್ಥದಿಂದಲೇ ಬಂದದ್ದು.

ಕನ್ನಡದ ಫಾಂಟ್ ಒಂದನ್ನು ಸೇರಿಸಿ ಮತ್ತೆ ಕಾರ್ಡು ಮುದ್ರಿಸಿದೆ. ಚೌಕಗಳು ಹೋದವು. ಈಗ ಹೆಸರು ಹೆಚ್ಚುಕಡಿಮೆ ಹೀಗೆ ಕಂಡಿತು: ಪ್‌ರಾರ್‌ಥನಾ. ನಿಜಕ್ಕೂ ಇದಕ್ಕಿಂತ ತುಸು ಕೆಟ್ಟದಾಗಿತ್ತು. 'ಪ'ದ ತಲೆಕಟ್ಟು ಹೋಗದೆ ಹಾಗೇ ಉಳಿದು ಹಲಂತದ ಕೊಂಬು ಪಕ್ಕದಲ್ಲಿ ಬೇರೆಯಾಗಿ ನಿಂತಿತ್ತು. ದೀರ್ಘವೂ ಅಂಟಿರಲಿಲ್ಲ. ಫಾಂಟ್ ಬಂದಿತ್ತು, ಶೇಪಿಂಗ್ ಬಂದಿರಲಿಲ್ಲ. ಆ ಪಿಡಿಎಫ್ ತಂತ್ರಾಂಶ ಪ್ರತಿ ಸಂಖ್ಯೆಗೂ ಒಂದೊಂದು ಆಕಾರ ತೆಗೆದು ಸಾಲಾಗಿ ಇಡುತ್ತಿತ್ತು. ಇಂಗ್ಲಿಷಿಗೆ ಬಹುಮಟ್ಟಿಗೆ ಅಷ್ಟು ಸಾಕು. ನಮಗೆ ಸಾಲದು.

ನನಗೆ ಮೊದಲ ನೈತಿಕ ಇಕ್ಕಟ್ಟು ಎದುರಾದದ್ದು ಇಲ್ಲಿ. ಚೌಕಗಳ ಕಾರ್ಡನ್ನು ಯಾರೂ ಒಪ್ಪಿರಲಿಲ್ಲ. ಒಡೆದ ಅಕ್ಷರದ ಕಾರ್ಡನ್ನು ಮಾತ್ರ ವಾಚನಾಲಯದ ಮೇಡಂ ನೋಡಿ, "ಓದೋಕೆ ಬರುತ್ತಲ್ಲ ಸಾರ್, ನಡೆಯುತ್ತೆ ಬಿಡಿ" ಅಂದರು. ನಾನೂ ಒಪ್ಪಿಕೊಂಡೆ. ಒಂದು ಕಂತು ಕಾರ್ಡು ಮುದ್ರಣವಾಗಿ ಹಂಚಿಯೂ ಆಯಿತು. ಚೌಕ ತನ್ನ ಅಜ್ಞಾನವನ್ನು ಬಾಯಿಬಿಟ್ಟು ಹೇಳುತ್ತದೆ. ನನಗೆ ಗೊತ್ತಿಲ್ಲ, ಬೇರೆಯವರನ್ನು ಕೇಳಿ ಅನ್ನುತ್ತದೆ. ಒಡೆದ ಅಕ್ಷರ ಗೊತ್ತಿದೆ ಎಂದು ನಟಿಸುತ್ತದೆ. ಕನ್ನಡ ಬಾರದ ಪರೀಕ್ಷಕನೊಬ್ಬ ಚೌಕವನ್ನು ಕಂಡರೆ ತಕ್ಷಣ ದೋಷವೆಂದು ಬರೆದುಕೊಳ್ಳುತ್ತಾನೆ. ಪ್‌ರಾರ್‌ಥನಾ ಎಂಬುದು ಅವನ ಕಣ್ಣಿಗೆ ದುಂಡುದುಂಡಾದ ಕನ್ನಡವೇ. ಒಡೆದ ಕನ್ನಡ ಆ್ಯಪ್‌ಗಳಲ್ಲೂ ಫಲಕಗಳಲ್ಲೂ ತಪಾಸಣೆ ದಾಟಿ ಬರುವುದಕ್ಕೆ ಇದು ಒಂದು ಕಾರಣ. ಆದರೆ ನನಗೆ ಆ ನೆಪವಿರಲಿಲ್ಲ. ನನಗೆ ಕನ್ನಡ ಬರುತ್ತಿತ್ತು.

ಮತ್ತೆ ಬಂದದ್ದು ಪ್ರಾರ್ಥನಾಳ ತಾಯಿ. ಜಗಳವಾಡಲಿಲ್ಲ. "ಸ್ಕೂಲಲ್ಲಿ ಹಿಂಗೆ ಬರೆದ್ರೆ ಮಿಸ್ಸು ತಪ್ಪು ಅಂತ ಹೊಡೆದು ಹಾಕ್ತಾರೆ ಸಾರ್. ನೀವೇ ಹಿಂಗೆ ಬರೆದ್ರೆ ಹೆಂಗೆ?" ಎಂದು ಕೇಳಿದರು, ಅಷ್ಟೆ. ಮಕ್ಕಳು ಓದಲಿ ಬರೆಯಲಿ ಎಂದು ತೆರೆದ ಜಾಗ ಅದು. ಅಲ್ಲಿ ನಾನು ಒತ್ತಕ್ಷರವನ್ನು ಹೊರಗಿಟ್ಟಿದ್ದೆ. ಕಮಲಾ, ನವೀನ, ಸುಮ ಎಂಬ ಹೆಸರುಗಳಿಗೆ ಅಷ್ಟೇನೂ ಆಗುವುದಿಲ್ಲ. ಪ್ರಾರ್ಥನಾ, ಕೃಷ್ಣಮೂರ್ತಿ, ಲಕ್ಷ್ಮೀ, ಪುಟ್ಟಸ್ವಾಮಿ ಎಂಬವರು ಮಾತ್ರ ಸೊಟ್ಟಗಾಗುತ್ತಾರೆ. ಹೆಸರಿನಲ್ಲಿ ಒತ್ತು ಇದ್ದದ್ದೇ ಅವರ ತಪ್ಪಾಯಿತು.

ಆಗ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದ ಗೆಳೆಯ ಉಪಾಯ ಹೇಳಿದ. "ಯುನಿಕೋಡ್ ಬಿಡು, ಹಳೆಯ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿ ಹಾಕು. ಎಲ್ಲಿ ಬೇಕಾದರೂ ಜಮ್ಮಂತ ಬರುತ್ತೆ." ನಿಜ. ನುಡಿ, ಬರಹ ತಂತ್ರಾಂಶಗಳ ಹಳೆಯ ಆವೃತ್ತಿಗಳನ್ನು ಬಳಸಿದವರಿಗೆ ಇದು ಗೊತ್ತಿರುತ್ತದೆ. ಕಂಪ್ಯೂಟರುಗಳಲ್ಲಿ ಕನ್ನಡ ಯುನಿಕೋಡ್ ಸರಿಯಾಗಿ ಮೂಡದಿದ್ದ ಕಾಲದಲ್ಲಿ ಕನ್ನಡದ ಮುದ್ರಣವನ್ನು ನಡೆಸಿಕೊಟ್ಟದ್ದು ಅವೇ. ಅವುಗಳ ಉಪಾಯ ಸರಳ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಬಿಡಿ ತುಂಡುಗಳ ಚಿತ್ರ ಇಡುವುದು. ಒತ್ತಿಗೊಂದು ಸ್ಥಾನ, ಅರ್ಕಾವತ್ತಿಗೊಂದು ಸ್ಥಾನ. ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಅವುಗಳನ್ನು ಜೋಡಿಸಿಟ್ಟರೆ ಆಯಿತು, ಶೇಪಿಂಗ್ ಬೇಕಾಗಿಯೇ ಇಲ್ಲ. ಹಾಗೆ ಟೈಪ್ ಮಾಡಿ ಕಾರ್ಡು ತೆಗೆದೆವು. ಪ್ರಾರ್ಥನಾ ಮುತ್ತಿನಂತೆ ಮೂಡಿಬಂತು. ತಾಯಿಗೂ ಮಗಳಿಗೂ ಸಂತೋಷವಾಯಿತು. ಸಂಗ್ರಹದಲ್ಲಿ ಈಗ ಇದ್ದದ್ದು ಇದು:

```
¥ÁæxÀð£Á
```

ಈ ಸಾಲಿನಲ್ಲಿ ಅವಳ ಹೆಸರಿಲ್ಲ. ಆ ಫಾಂಟ್ ಜೊತೆಗಿದ್ದಾಗ ಮಾತ್ರ ಅವಳ ಹೆಸರಿನಂತೆ ಕಾಣುವ ತುಂಡುಗಳಿವೆ. ಒಂದು ತಿಂಗಳ ನಂತರ ರಜೆಯಲ್ಲಿ ಬೇರೊಬ್ಬ ಹುಡುಗ ಮೇಜು ನೋಡಿಕೊಳ್ಳುತ್ತಿದ್ದ. ಪ್ರಾರ್ಥನಾ ಕಾರ್ಡು ಮರೆತು ಬಂದು ಪುಸ್ತಕ ವಾಪಸು ಕೊಟ್ಟಳು. ಅವನು ತನ್ನ ಫೋನಿನ ಕೀಲಿಮಣೆಯಲ್ಲಿ ಯುನಿಕೋಡಿನಲ್ಲಿ ಅವಳ ಹೆಸರು ಹೊಡೆದು ಹುಡುಕಿದ. ಸಿಗಲಿಲ್ಲ. "ನೀನು ಮೆಂಬರ್ರೇ ಅಲ್ವಲ್ಲಮ್ಮ" ಅಂದ. ಹೊಸದಾಗಿ ಸೇರಿಸಿಕೊಂಡ. ಹಳೆಯ ದಾಖಲೆಯಲ್ಲಿ ಪುಸ್ತಕ ಬಾಕಿ ಎಂದೇ ಉಳಿಯಿತು. ಆಮೇಲೆ ಅವಳ ಮನೆಗೆ ಪುಸ್ತಕ ಹಿಂತಿರುಗಿಸಿ ಎಂಬ ಸಂದೇಶವೂ ಹೋಯಿತು.

ನಾನು ಆ ರಾತ್ರಿ ಎರಡು ಸ್ಥಿತಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲು ಹೆಸರು ನಿಜವಿತ್ತು, ಕಾಣುತ್ತಿರಲಿಲ್ಲ. ಆಮೇಲೆ ಕಾಣುತ್ತಿತ್ತು, ನಿಜವಿರಲಿಲ್ಲ. ಮೊದಲನೆಯದರಲ್ಲಿ ಅವಳಿಗೆ ಅವಮಾನವಾಯಿತು. ಎರಡನೆಯದರಲ್ಲಿ ಅವಳು ಪುಸ್ತಕ ಕೊಡದವಳಾದಳು. ಮೊದಲ ತಪ್ಪು ಮೇಜಿನ ಮೇಲೆಯೇ ಬಿದ್ದಿತ್ತು, ಎಲ್ಲರಿಗೂ ಕಂಡಿತು. ಎರಡನೆಯದು ಚಂದದ ಕಾರ್ಡಿನ ಹಿಂದೆ ಒಂದು ತಿಂಗಳು ಅಡಗಿತ್ತು. ಒಳಗೂ ಹೊರಗೂ ಒಂದೇ ಆಗಿರಬೇಕು ಎಂಬುದನ್ನು ಮನುಷ್ಯರ ನಡತೆಯ ಬಗ್ಗೆ ನಾವು ಸದಾ ಹೇಳುತ್ತಿರುತ್ತೇವೆ. ಬರಹಕ್ಕೂ ಅದು ಇಷ್ಟು ಅಕ್ಷರಶಃ ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ. ಪರದೆ ತಪ್ಪು ತೋರಿಸುತ್ತಿದ್ದರೆ ಪರದೆಯನ್ನು ತಿದ್ದಬೇಕು. ನಾನು ಹೆಸರನ್ನು ತಿದ್ದಿದ್ದೆ.

ಸರಿಪಡಿಸುವ ಕೆಲಸ ಕಷ್ಟದ್ದೇನೂ ಆಗಿರಲಿಲ್ಲ. ಆ ಪಿಡಿಎಫ್ ತಂತ್ರಾಂಶವನ್ನು ಬಿಟ್ಟು, ಕಾರ್ಡನ್ನು ಒಂದು ವೆಬ್ ಪುಟವಾಗಿ ಬರೆದು, ಫೋನಿನ ಬ್ರೌಸರ್ ಎಂಜಿನ್ನಿನಿಂದಲೇ ಪಿಡಿಎಫ್ ಮಾಡಿಸಿದೆ. ಅಲ್ಲಿ ಶೇಪಿಂಗ್ ತಾನಾಗಿಯೇ ನಡೆಯುತ್ತದೆ. ಆಸ್ಕಿಯಲ್ಲಿ ತುಂಬಿದ ಹೆಸರುಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದು, ಒಂದೊಂದನ್ನೂ ಅರ್ಜಿಯ ಜೊತೆ ಹೋಲಿಸಿ ನೋಡಿದೆವು.

ಎಲ್ಲ ಮುಗಿಯಿತು ಅಂದುಕೊಂಡಾಗ ಇನ್ನೊಂದು ವಿಚಿತ್ರ ಕಂಡಿತು. ಹೊಸ ಕಾರ್ಡಿನಲ್ಲಿ ಹೆಸರು ಕೂಡಿಕೊಂಡೇ ಬಂದಿತ್ತು, ಆದರೆ 'ರ್ಥ' ಮಾತ್ರ ಸ್ವಲ್ಪ ತೆಳ್ಳಗೆ, ಬೇರೆ ಕೈಬರಹದಂತೆ ಇತ್ತು. ಆ್ಯಪಿನ ಸದಸ್ಯರ ಪಟ್ಟಿಯಲ್ಲಿ ಇನ್ನೂ ಕೆಟ್ಟದಾಗಿ ಪ್ರಾರ್‌ಥನಾ ಎಂದಿತ್ತು. ಪ್ರಾ ಸರಿ, ನಾ ಸರಿ, ನಡುವೆ ಮಾತ್ರ ಬಿರುಕು.

ಕಾರಣ ಹುಡುಕಿದರೆ ಅದೂ ನನ್ನದೇ ಕೈಕೆಲಸ. ಆ್ಯಪಿನ ಗಾತ್ರ ತಗ್ಗಿಸಲೆಂದು ಶೀರ್ಷಿಕೆಯ ದಪ್ಪ ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡಿದ್ದೆ. ಆ್ಯಪಿನ ಗುಂಡಿಗಳ ಮೇಲಿನ ಪದಗಳಲ್ಲಿ ಬರುವ ಅಕ್ಷರಗಳಷ್ಟನ್ನೇ ಉಳಿಸಿಕೊಂಡಿದ್ದೆ. ಅವುಗಳಲ್ಲಿ 'ಥ' ಇರಲಿಲ್ಲ. ಆಗ ಫಾಲ್‌ಬ್ಯಾಕ್ ಬಂತು, ಅಂದರೆ ಪಕ್ಕದ ಮನೆಯ ಸಕ್ಕರೆ. ಬ್ರೌಸರ್ ಎಂಜಿನ್ ತಿಳಿದದ್ದು. 'ಥ' ಇಲ್ಲವೆಂದು ಗೊತ್ತಾದಾಗ ಅದು 'ಥ'ವನ್ನಷ್ಟೇ ಹೊರಗೆ ಕಳಿಸಲಿಲ್ಲ. ರ್ಥ ಎಂಬ ಇಡೀ ಗುಚ್ಛವನ್ನು ಇನ್ನೊಂದು ಫಾಂಟಿಗೆ ಒಪ್ಪಿಸಿತು. ಬಣ್ಣ ಬೇರೆಯಾದರೂ ಜೋಡಣೆ ಉಳಿಯಿತು. ಪಟ್ಟಿಯ ಪರದೆಗೆ ಮಾತ್ರ ಬದಲಿ ಹುಡುಕುವ ಕೋಡನ್ನು ನಾನೇ ಬರೆದಿದ್ದೆ. ಅದು ಸಂಕೇತದಿಂದ ಸಂಕೇತಕ್ಕೆ ನೋಡುತ್ತಿತ್ತು. 'ರ' ಇದೆಯೇ? ಇದೆ. ಹಲಂತ ಇದೆಯೇ? ಇದೆ. 'ಥ' ಇದೆಯೇ? ಇಲ್ಲ, ಇದೊಂದನ್ನು ಬೇರೆ ಫಾಂಟಿನಿಂದ ತಾ. ಶೇಪಿಂಗ್ ಎಂಜಿನ್ ಒಮ್ಮೆಗೆ ಒಂದು ಫಾಂಟಿನಲ್ಲಿ ಕೆಲಸ ಮಾಡುತ್ತದೆ. ಒಂದು ಫಾಂಟಿನಲ್ಲಿರುವ ರ್ ಇನ್ನೊಂದು ಫಾಂಟಿನಲ್ಲಿರುವ ಥದ ಬಲಕ್ಕೆ ಹೋಗಿ ಅರ್ಕಾವತ್ತಾಗಲು ದಾರಿಯೇ ಇಲ್ಲ. ಗಡಿಯಲ್ಲಿ ನಿಂತು ಹಲಂತ ಹೊತ್ತುಕೊಂಡಿತು.

ಇಲ್ಲಿ ಯಾರೂ ಕೆಟ್ಟವರಲ್ಲ. ನನ್ನ ಕೋಡು ಸಹಾಯ ಮಾಡಲೆಂದೇ ಬಂದದ್ದು. ಪ್ರತಿ ಸಂಕೇತಕ್ಕೂ ಅದು ಪ್ರಾಮಾಣಿಕವಾಗಿ ಒಂದು ಆಕಾರ ಒದಗಿಸಿತು, ಒಂದೂ ಚೌಕ ಬರಗೊಡಲಿಲ್ಲ. ಆದರೂ ಹೆಸರು ಒಡೆಯಿತು. ಅದು ಎಣಿಸಿದ ಘಟಕವೇ ತಪ್ಪಾಗಿತ್ತು. ಕನ್ನಡದಲ್ಲಿ ಕೂಡಿ ಬದುಕುವ ಘಟಕ ಅಕ್ಷರ, ಒಂಟಿ ಸಂಕೇತವಲ್ಲ. ರ್ಥ ಒಂದು ಮನೆ. ಆ ಮನೆಯವರಿಗೆ ಆಶ್ರಯ ಕೊಡುವಾಗ ಒಬ್ಬರನ್ನು ಇಲ್ಲಿಟ್ಟು ಇನ್ನೊಬ್ಬರನ್ನು ಅಲ್ಲಿಟ್ಟರೆ ಎಲ್ಲರಿಗೂ ಸೂರು ಸಿಕ್ಕಿತೆಂದು ಲೆಕ್ಕ ಬರೆಯಬಹುದು, ಸಂಸಾರ ಮಾತ್ರ ಉಳಿಯುವುದಿಲ್ಲ. ನನಗೆ ಇದು ತಂತ್ರಜ್ಞಾನದ ಮಾತಾಗಿ ಮಾತ್ರ ಉಳಿದಿಲ್ಲ. ಉಪಕಾರ ಮಾಡುವವನು ಎದುರಿಗಿರುವುದನ್ನು ಯಾವ ಅಳತೆಯಲ್ಲಿ ಎಣಿಸುತ್ತಾನೆ ಎಂಬುದರ ಮೇಲೆ ಉಪಕಾರ ಅಪಕಾರಗಳು ನಿಂತಿವೆ. ಆ ಅಳತೆ ಅವನಿಗೆ ಬೇರೆ ಎಲ್ಲಿಂದಲೋ ಬಂದಿರುತ್ತದೆ. ನನ್ನ ಅಳತೆ ಒಂದು ಸಂಖ್ಯೆಗೆ ಒಂದು ಅಕ್ಷರ ಎಂಬ ಇಂಗ್ಲಿಷಿನ ಅಳತೆ. ಕನ್ನಡದವನಾಗಿಯೂ ಕೋಡು ಬರೆಯುವಾಗ ನಾನು ಅದನ್ನೇ ಹಿಡಿದುಕೊಂಡಿದ್ದೆ.

ಈಗ ನಾನು ಯಾವುದಾದರೂ ಆ್ಯಪಿನಲ್ಲಿ ಕನ್ನಡ ಕೆಟ್ಟದ್ದು ಕಂಡರೆ ಮೊದಲು ಕೆಟ್ಟ ಬಗೆಯನ್ನು ನೋಡುತ್ತೇನೆ. ಕನ್ನಡವೆಲ್ಲ ಚೌಕವಾಗಿದ್ದರೆ ಫಾಂಟ್ ಇಲ್ಲ, ಬದಲಿಯೂ ಇಲ್ಲ. ಎಲ್ಲ ಒತ್ತುಗಳೂ ಒಡೆದಿದ್ದರೆ ಹೆಚ್ಚಾಗಿ ಶೇಪಿಂಗ್ ನಡೆದಿಲ್ಲ, ಅಥವಾ ಫಾಂಟಿನಿಂದ ನಿಯಮಗಳ ಕೋಷ್ಟಕ ಕತ್ತರಿಸಿಹೋಗಿದೆ. ಕೆಲವು ಮಾತ್ರ ಒಡೆದು, ಒಡೆದ ಕಡೆ ಅಕ್ಷರದ ದಪ್ಪವೋ ಎತ್ತರವೋ ಬೇರೆಯಾಗಿದ್ದರೆ ಅದು ಎರಡು ಫಾಂಟುಗಳ ಗಡಿ. ಒಂದೇ ಒಂದು ಚೌಕವಿದ್ದರೆ ಆ ಒಂದು ಸಂಕೇತ ಫಾಂಟಿನಲ್ಲಿಲ್ಲ. 'ರ‍್ಯಾಂಕ್' ಎಂಬ ಪದದ ನಡುವೆ ಚೌಕ ಬಂದಿದ್ದರೆ ಅರ್ಕಾವತ್ತಾಗದಂತೆ 'ರ'ವನ್ನು ತಡೆಯಲು ಇಡುವ ಕಣ್ಣಿಗೆ ಕಾಣದ ಸಂಕೇತ, U+200D, ಹೊರಬಿದ್ದಿರುತ್ತದೆ. ಪರದೆಯ ಬರಹವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಸರಿಯಾಗಿ ಕಂಡರೆ ಒಳಗಿನದು ಸರಿಯಿದೆ ಎಂದರ್ಥ. ಪಿಡಿಎಫ್‌ನಲ್ಲಿ ಮಾತ್ರ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಅಲ್ಲಿ ಆಕಾರಗಳಿಗೂ ಸಂಕೇತಗಳಿಗೂ ಇರುವ ನಂಟನ್ನು ಬೇರೆಯಾಗಿ ಬರೆದಿಟ್ಟಿರುತ್ತಾರೆ, ಅದು ತಪ್ಪಿದ್ದರೆ ಸರಿಯಾಗಿ ಕಾಣುವ ಹೆಸರೂ ಅಂಟಿಸಿದಾಗ ಕೆಡುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ 'ಒಳಗೆ ಸರಿಯಾಗಿದೆ' ಎಂದು ಮೊದಲ ದಿನ ಹೇಳಿದ ಮಾತಿನ ಬಗ್ಗೆ ನನಗೆ ಸಮಾಧಾನವಿಲ್ಲ. ಮಾತು ಸುಳ್ಳಲ್ಲ. ಆದರೆ ಅದು ನನಗೆ ಮಾತ್ರ ಉಪಯೋಗಕ್ಕೆ ಬರುವ ಸತ್ಯ. ಒಳಗನ್ನು ನೋಡುವ ಕಣ್ಣು ನನ್ನ ಬಳಿ ಇತ್ತು, ಅವಳ ಬಳಿ ಇರಲಿಲ್ಲ. ಅವಳ ಪಾಲಿಗೆ ಹೆಸರು ಇದ್ದದ್ದು ಕಾರ್ಡಿನ ಮೇಲೆ, ಇಲ್ಲದಿದ್ದರೆ ಎಲ್ಲೂ ಇಲ್ಲ. ಒಳಗಿನದನ್ನು ಕೆಡಿಸದೆ ಕಾಪಾಡುವುದು ನನ್ನ ಅರ್ಧ ಹೊಣೆ. ಓದುವವರ ಕಣ್ಣಿಗೆ ಅದನ್ನು ತಲುಪಿಸುವುದು ಉಳಿದರ್ಧ. ಒಂದರ ಹೆಸರು ಹೇಳಿ ಇನ್ನೊಂದನ್ನು ಬಿಡುವ ಹಾಗಿಲ್ಲ.

ಆದರೆ ಎರಡನ್ನೂ ಒಟ್ಟಿಗೆ ಮಾಡಲಾಗದ ದಿನ ಏನು ಮಾಡಬೇಕು? ನನಗೆ ಅಂದು ಹೊಳೆಯದ ಉತ್ತರ ಬಹಳ ಸುಲಭದ್ದು. ಅದನ್ನು ಹೇಳಿದ್ದು ಪ್ರಾರ್ಥನಾಳ ತಾಯಿ, ಒಡೆದ ಕಾರ್ಡು ಹಿಡಿದು ಬಂದ ದಿನವೇ. "ಮಿಷನ್ನಿಗೆ ಬರದಿದ್ರೆ ಪೆನ್ನಲ್ಲಿ ಬರೆದುಕೊಡಿ ಸಾರ್." ನಾನು ಆಗ ನಕ್ಕು ಡಿಟಿಪಿ ಅಂಗಡಿಗೆ ಹೋದೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಮುದ್ರಿಸಿ ಕೈಯಲ್ಲಿ ಬರೆದುಕೊಟ್ಟಿದ್ದರೆ ಒಳಗಿನ ಒಂಬತ್ತು ಸಂಕೇತಗಳು ಹಾಗೆಯೇ ಉಳಿಯುತ್ತಿದ್ದವು, ಹೊರಗಿನ ಮೂರು ಅಕ್ಷರಗಳೂ ಸರಿಯಿರುತ್ತಿದ್ದವು. ಕಾರ್ಡು ಮಾತ್ರ ಅಷ್ಟು ಚಂದ ಕಾಣುತ್ತಿರಲಿಲ್ಲ. ನಾನು ಉಳಿಸಿಕೊಳ್ಳಲು ಹೊರಟದ್ದು ಅವಳ ಹೆಸರನ್ನಲ್ಲ, ಆ ಚಂದವನ್ನು ಅಂತ ಈಗ ಅನಿಸುತ್ತದೆ.